ಅರಬ್ಬಿಯ ಕಟ್ಟಿದ ತಾ: ದೋಷ ಪತ್ತೆ ಮತ್ತು ನಿವಾರಣೆ

ಕರಾವಳಿಯ ನಮ್ಮೂರಿನ ಯುವಕನೊಬ್ಬ ಸೌದಿಯಲ್ಲಿ ಕೆಲಸಕ್ಕಿದ್ದಾನೆ. ರಜೆಯಲ್ಲಿ ಬಂದಿದ್ದಾಗ ತಾನೇ ಬರೆದ ಒಂದು ಅರಬ್ಬಿ ಅರ್ಜಿಯನ್ನು ನನಗೆ ತೋರಿಸಿದ. ಜಿದ್ದಾ ನಗರದಲ್ಲಿ ತನ್ನ ಇಖಾಮಾದ, ಅಂದರೆ ಅಲ್ಲಿ ವಾಸಿಸುವ ಪರವಾನಗಿಯ, ಅವಧಿ ಮುಗಿದಿದೆ ಎಂಬ ಒಂದೇ ಸಾಲು ಅದರಲ್ಲಿತ್ತು.

```
انتهت صلاحيت إقامةي في مدينت جده
```

ವ್ಯಾಕರಣ ಸರಿಯಿತ್ತು, ಪದಗಳ ಆಯ್ಕೆಯೂ ಸರಿಯಿತ್ತು. ಆದರೆ في ಬಿಟ್ಟು ಉಳಿದ ಐದು ಪದಗಳ ತುದಿಗಳಲ್ಲಿ ನಾಲ್ಕು ಕೆಟ್ಟಿದ್ದವು, ನಾಲ್ಕಕ್ಕೂ ಮೂಲ ಒಂದೇ ಅಕ್ಷರ. ಅರಬ್ಬಿಯಲ್ಲಿ ಅದನ್ನು ತಾ ಮರ್ಬೂತಾ ಎನ್ನುತ್ತಾರೆ, ಅಂದರೆ ಕಟ್ಟಿದ ತಾ, ة. ಪದದ ಕೊನೆಯಲ್ಲಷ್ಟೇ ಬರುವ ಈ ಅಕ್ಷರದ ಮೈಕಟ್ಟು ಹಾ ಅಕ್ಷರದ್ದು (ه), ತಲೆಯ ಮೇಲಿನ ಎರಡು ಚುಕ್ಕೆ ತಾ ಅಕ್ಷರದ್ದು (ت). ಬಾಯಿ ತೆರೆದ ದೋಣಿಯಂತೆ ಕಾಣುವ ಸಾಮಾನ್ಯ ತಾ ಅಕ್ಷರಕ್ಕೆ ತಾ ಮಫ್ತೂಹಾ, ಅಂದರೆ ತೆರೆದ ತಾ ಎಂದು ಹೆಸರು. ಮುಂದಿನ ಟಿಪ್ಪಣಿಯನ್ನು ಈ ಮೂರು ಅಕ್ಷರಗಳ ನಡುವಿನ ಗೊಂದಲವನ್ನು ಲಕ್ಷಣದಿಂದ ಹಿಡಿದು ಪತ್ತೆ ಮಾಡುವುದಕ್ಕೆಂದು ಬರೆದಿದ್ದೇನೆ. ಮೊದಲು ಬಾಯಿಯಿಂದಲೇ ಮಾಡಬಹುದಾದ ಪರೀಕ್ಷೆಗಳು ಬರುತ್ತವೆ, ನಿಘಂಟು ಮತ್ತು ಗಣಕಯಂತ್ರ ಬೇಕಾಗುವವು ಆಮೇಲೆ. ಯುವಕನ ಸಾಲನ್ನು ಜೊತೆಜೊತೆಗೇ ತಿದ್ದುತ್ತಾ ಹೋಗೋಣ.

ಲಕ್ಷಣ 1: ಕೊನೆಯಲ್ಲಿ ಚುಕ್ಕೆ ಇರಬೇಕೋ ಬೇಡವೋ ತಿಳಿಯುತ್ತಿಲ್ಲ

ಯುವಕನ ಸಾಲಿನ ಕೊನೆಯ ಪದದಲ್ಲಿ ಈ ದೋಷವಿತ್ತು. ಅವನು جده ಎಂದು ಚುಕ್ಕೆಯಿಲ್ಲದೆ ಬರೆದಿದ್ದ. ಕೈಬರಹದಲ್ಲಿ ಅರಬರೇ ಅನೇಕರು ಚುಕ್ಕೆಗಳನ್ನು ಬಿಟ್ಟುಬಿಡುತ್ತಾರೆ, ಅಂಗಡಿಯ ಫಲಕಗಳಲ್ಲೂ ಇದು ಸಾಕಷ್ಟು ಕಾಣುತ್ತದೆ. ನೋಡಿ ಕಲಿತವರಿಗೆ ಅದೇ ಸರಿ ಎಂದು ತೋರುವುದು ಸಹಜ. ಆದರೆ ಚುಕ್ಕೆ ಹೋದರೆ ಪದವೇ ಬೇರೆಯಾಗುವ ಸಂದರ್ಭಗಳಿವೆ. ಚುಕ್ಕೆಯಿರುವ مكتبة ಎಂಬುದು ಮಕ್ತಬಾ, ಅಂದರೆ ಗ್ರಂಥಾಲಯ ಅಥವಾ ಪುಸ್ತಕದ ಅಂಗಡಿ. ಚುಕ್ಕೆಯಿಲ್ಲದ مكتبه ಎಂಬುದು ಮಕ್ತಬುಹು, ಅಂದರೆ ಅವನ ಕಚೇರಿ. ಹಾಗೆಯೇ كتابة ಎಂದರೆ ಬರವಣಿಗೆ, كتابه ಎಂದರೆ ಅವನ ಪುಸ್ತಕ.

ಇದಕ್ಕೆ ಮುಂದುವರಿಸಿ ಓದುವ ಪರೀಕ್ಷೆ ಸಾಕು. ಪದದಲ್ಲಿ ನಿಲ್ಲದೆ, ಅದರ ಕೊನೆಗೆ ಉ ಅಥವಾ ಉನ್ ಎಂಬ ಸ್ವರ ಹಚ್ಚಿ ಓದಿ. ಆಗ ತ ಹುಟ್ಟಿದರೆ ಅದು ಕಟ್ಟಿದ ತಾ, ಎರಡು ಚುಕ್ಕೆ ಬೇಕು. ಹ ಹಾಗೆಯೇ ಉಳಿದರೆ ಅದು ಹಾ, ಚುಕ್ಕೆ ಇಡಬಾರದು. ಮಕ್ತಬಾ ಎಂಬುದು ಮಕ್ತಬತುನ್ ಆಗುತ್ತದೆ, ಆದ್ದರಿಂದ ಚುಕ್ಕೆ ಉಂಟು. ಮುಖ ಎಂಬರ್ಥದ وجه ವಜ್‌ಹುನ್ ಆಗುತ್ತದೆ, ನೀರುಗಳು ಎಂಬರ್ಥದ مياه ಮಿಯಾಹುನ್ ಆಗುತ್ತದೆ, ಆದ್ದರಿಂದ ಚುಕ್ಕೆ ಇಲ್ಲ. ಹೆಣ್ಣುಲಿಂಗದ 'ಇದು' ಎಂಬ هذه ಪದವನ್ನು ಹಾದಿಹಿ ಎಂದೇ ಓದುವುದರಿಂದ ಅದಕ್ಕೂ ಚುಕ್ಕೆಯಿಲ್ಲ. ಅದಕ್ಕೆ ಚುಕ್ಕೆ ಹಾಕಿ هذة ಎಂದು ಬರೆಯುವುದು ಈ ದೋಷದ ತಿರುಗುಬಾಣ. ಚುಕ್ಕೆ ಬಿಡುವ ಅಭ್ಯಾಸವನ್ನು ಹೊಸದಾಗಿ ತಿದ್ದಿಕೊಂಡವರಲ್ಲಿ ಇದು ಹೆಚ್ಚು, ಅವರು ಸಿಕ್ಕಿದ್ದಕ್ಕೆಲ್ಲ ಚುಕ್ಕೆ ಇಡುತ್ತಾರೆ.

ಪದವು ವಾಕ್ಯದ ಕೊನೆಯಲ್ಲಿದ್ದಾಗ ಕಿವಿಯನ್ನು ನಂಬಿ ಪ್ರಯೋಜನವಿಲ್ಲ, ಏಕೆಂದರೆ ಅಲ್ಲಿ ಕಟ್ಟಿದ ತಾ ತನ್ನ ತಕಾರವನ್ನು ಬಿಟ್ಟು ಹಗುರಾದ ಹಕಾರವಾಗುತ್ತದೆ. ದಿನಬಳಕೆಯ ಮಾತಿನಲ್ಲಿ ಆ ಹಕಾರವೂ ಕರಗಿ ಬರಿಯ ಅ ಉಳಿಯುತ್ತದೆ. ಯುವಕ ಜಿದ್ದಾ ಎಂದು ನಿಲ್ಲಿಸಿಯೇ ಹೇಳುತ್ತಿದ್ದ, ತ ಎಂದೂ ಕೇಳಿಸಿರಲಿಲ್ಲ. ಜಿದ್ದತು ಎಂದು ಮುಂದುವರಿಸಿ ಓದಿಸಿದಾಗ ಅವನೇ ಚುಕ್ಕೆ ಇಟ್ಟ.

ಲಕ್ಷಣ 2: ಕಿವಿಗೆ ತ ಕೇಳುತ್ತದೆ, ಆದರೂ ತೆರೆದ ತಾ ಬರೆದರೆ ತಪ್ಪು ಎನ್ನುತ್ತಾರೆ

ನಾನು ನೋಡಿದ ಬರಹಗಳಲ್ಲಿ ಇದೇ ಅತಿ ಸಾಮಾನ್ಯ ದೋಷ, ಕನ್ನಡಿಗರಲ್ಲಂತೂ ಅದಕ್ಕೆ ಸ್ಪಷ್ಟ ಕಾರಣವಿದೆ. ಕನ್ನಡವನ್ನು ನಾವು ನುಡಿದಂತೆ ಬರೆಯುತ್ತೇವೆ. ಮರ ಎಂಬ ಪದಕ್ಕೆ ಅನ್ನು ಸೇರಿದಾಗ ನಡುವೆ ವ ಕೇಳಿಸಿದರೆ ಮರವನ್ನು ಎಂದು ಆ ವಕಾರವನ್ನು ಬರೆದೇ ಬರೆಯುತ್ತೇವೆ. ಆ ಅಭ್ಯಾಸದ ಕೈ ಅರಬ್ಬಿಯಲ್ಲಿ ತ ಕೇಳಿದ ಕೂಡಲೇ ت ಬರೆಯುತ್ತದೆ. ಯುವಕನೂ ಅದನ್ನೇ ಕೇಳಿದ: "ಉಸ್ತಾದರೇ, ಮದೀನತ್ ಎಂದೇ ಎಲ್ಲರೂ ಹೇಳುವುದಲ್ಲವಾ? ತ ಸರಿಯಾಗಿ ಕೇಳುತ್ತದೆ. ಮತ್ತೆ ಬರೆದರೆ ಏನು ತಪ್ಪು?"

ಕೇಳಿದ್ದು ತಪ್ಪಲ್ಲ. ಒಂದು ನಾಮಪದ ಇನ್ನೊಂದರ ಮೇಲೆ ಒರಗಿ ನಿಲ್ಲುವ ಜೋಡಿಯನ್ನು ಅರಬ್ಬಿ ವ್ಯಾಕರಣ ಇದಾಫಾ ಎನ್ನುತ್ತದೆ, ನಮ್ಮ ಷಷ್ಠಿಗೆ ಸಮೀಪದ ಸಂಬಂಧ ಅದು. ಅಂಥ ಜೋಡಿಯ ಮೊದಲ ಪದದಲ್ಲಿ ನಿಲ್ಲುವಂತಿಲ್ಲ. ನಿಲ್ಲದ ಕಾರಣ ತಕಾರ ಹೊರಬರುತ್ತದೆ. ಗ್ರಾಂಥಿಕ ಓದಿನಲ್ಲಷ್ಟೇ ಅಲ್ಲ, ಆಡುಮಾತಿನಲ್ಲೂ ಹಾಗೆಯೇ. ಕೈರೋ ವಿಶ್ವವಿದ್ಯಾನಿಲಯದ ಹೆಸರನ್ನು ನೋಡಿ.

```
جامعة القاهرة
```

ಎರಡು ಪದಗಳ ಕೊನೆಯಲ್ಲೂ ಅದೇ ಅಕ್ಷರವಿದೆ. ಆದರೆ ಓದುವುದು ಜಾಮಿಅತುಲ್ ಕಾಹಿರಾ ಎಂದು. ಮೊದಲನೆಯದು ಜೋಡಿಯ ಒಳಗಿರುವುದರಿಂದ ತ, ಎರಡನೆಯದರಲ್ಲಿ ಉಸಿರು ನಿಲ್ಲುವುದರಿಂದ ಆ. ಒಂದೇ ಅಕ್ಷರಕ್ಕೆ ಎರಡು ಧ್ವನಿ. ಹೀಗಾಗಿ ಧ್ವನಿಯನ್ನು ಹಿಡಿದು ಅಕ್ಷರವನ್ನು ನಿರ್ಧರಿಸಿದರೆ ಅದೇ ಜಾಮಿಆ ಎಂಬ ಪದವನ್ನು ಒಂದು ಕಡೆ ಒಂದು ರೀತಿ, ಇನ್ನೊಂದು ಕಡೆ ಇನ್ನೊಂದು ರೀತಿ ಬರೆಯಬೇಕಾಗುತ್ತದೆ. ಅರಬ್ಬಿ ಲಿಪಿ ಪದದ ರೂಪವನ್ನು ಅದು ನಿಂತ ಸ್ಥಿತಿಯಲ್ಲಿ ಹೇಗೋ ಹಾಗೆ ಉಳಿಸಿಕೊಳ್ಳುತ್ತದೆ, ಪಕ್ಕದ ಪದ ಯಾವುದೆಂದು ನೋಡಿ ಬದಲಾಯಿಸುವುದಿಲ್ಲ.

ಇಲ್ಲಿಗೆ ಎರಡನೆಯ ಪರೀಕ್ಷೆ, ನಿಲ್ಲಿಸಿ ಓದುವುದು. ಸಂಶಯದ ಪದವನ್ನು ವಾಕ್ಯದಿಂದ ಹೊರತೆಗೆದು, ಒಂಟಿಯಾಗಿ, ಕೊನೆಯಲ್ಲಿ ಸ್ವರವಿಲ್ಲದೆ ಓದಿ. ತ ಮಾಯವಾದರೆ ಅದು ة, ತ ಗಟ್ಟಿಯಾಗಿ ಉಳಿದರೆ ಅದು ت. ಮದೀನತಿ ಎಂಬುದು ನಿಂತಾಗ ಮದೀನಾ, ಸಲಾಹಿಯ್ಯತು ಎಂಬುದು ನಿಂತಾಗ ಸಲಾಹಿಯ್ಯಾ, ಆದ್ದರಿಂದ ಎರಡೂ ಕಟ್ಟಿದ ತಾ. ಮನೆ ಎಂಬ بيت ನಿಂತಾಗಲೂ ಬೈತ್, ಹುಡುಗಿ ಎಂಬ بنت ನಿಂತಾಗಲೂ ಬಿಂತ್, ಆದ್ದರಿಂದ ತೆರೆದ ತಾ. ಯುವಕನ ಸಾಲಿನ ಮೊದಲ ಪದ انتهت ಕೂಡ ನಿಂತಾಗ ಇಂತಹತ್ ಎಂದೇ ಉಳಿಯುತ್ತದೆ. ಅದು ಕ್ರಿಯಾಪದ, ಅದರ ತಕಾರ ಕರ್ತೃ ಹೆಣ್ಣುಲಿಂಗವೆಂದು ಹೇಳುವ ಗುರುತು. ಕ್ರಿಯಾಪದದ ಆ ಗುರುತು ಯಾವಾಗಲೂ ತೆರೆದ ತಾ ಆಗಿರುತ್ತದೆ. ಅವನು ಸರಿಯಾಗಿ ಬರೆದ ಒಂದೇ ತುದಿ ಅದು.

ಇನ್ನೂ ಅಗ್ಗದ ಒಂದು ಸುಳಿವಿದೆ. ಕಟ್ಟಿದ ತಾ ಅಕ್ಷರದ ಹಿಂದಿನ ಸ್ವರ ಯಾವಾಗಲೂ ಅ ಅಥವಾ ಆ. ಬಿಂತ್, ಉಖ್ತ್, ವಕ್ತ್ ಎಂಬಂತೆ ತಕಾರದ ಹಿಂದೆ ಸ್ವರವೇ ಇಲ್ಲದಿದ್ದರೆ ನಿಲ್ಲಿಸಿ ಓದುವ ಶ್ರಮವೂ ಬೇಡ, ಅದು ತೆರೆದ ತಾ. ಹಿಂದೆ ಅ ಇದ್ದ ಮಾತ್ರಕ್ಕೆ ಕಟ್ಟಿದ ತಾ ಎಂದು ಹೇಳಲು ಮಾತ್ರ ಬಾರದು, ಇಂತಹತ್ ಎಂಬ ಕ್ರಿಯಾಪದದಲ್ಲೂ ಅ ಇದೆಯಲ್ಲ.

ವಿಶೇಷ್ಯ ಮತ್ತು ವಿಶೇಷಣದ ಜೋಡಿಯಲ್ಲಿ ಒಂದು ಸಣ್ಣ ತೊಡಕಿದೆ. ಮದರಸಾದಲ್ಲಿ ಕಲಿತವರು ಮಕ್ಕತುಲ್ ಮುಕರ್ರಮಾ, ಮದೀನತುಲ್ ಮುನವ್ವರಾ ಎಂದು ತಕಾರ ಸೇರಿಸಿ ಹೇಳುತ್ತಾರೆ, ಅದು ಗ್ರಾಂಥಿಕ ಓದು. ಆಡುಮಾತಿನಲ್ಲಿ ಸಾಮಾನ್ಯವಾಗಿ ಅಲ್ಲಿ ತ ಬರುವುದಿಲ್ಲ, ಇದಾಫಾ ಜೋಡಿಯಲ್ಲಿ ಮಾತ್ರ ಬರುತ್ತದೆ. ಒಂದೇ ದಿನ ಎರಡೂ ಬಗೆ ಕಿವಿಗೆ ಬಿದ್ದರೆ ಗಾಬರಿಯಾಗಬೇಕಿಲ್ಲ. ಎರಡರಲ್ಲೂ ಬರಹ ಒಂದೇ, مكة المكرمة.

ಲಕ್ಷಣ 3: ಪದದ ನಡುವೆ ಬಿರುಕು ಕಾಣುತ್ತದೆ

ಯುವಕನ ಸಾಲಿನ ಮೂರನೆಯ ಪದವನ್ನು ಹತ್ತಿರದಿಂದ ನೋಡಿ: إقامةي. ಕೊನೆಯ ي ಅಕ್ಷರ ಹಿಂದಿನದಕ್ಕೆ ಕೈಕೊಡದೆ ದೂರ ನಿಂತಿದೆ. ಕಟ್ಟಿದ ತಾ ತನ್ನ ಹಿಂದಿನ ಅಕ್ಷರಕ್ಕೆ ಸೇರುತ್ತದೆ, ಮುಂದಿನದಕ್ಕೆ ಎಂದೂ ಸೇರುವುದಿಲ್ಲ. ಅದು ಪದದ ಬಾಗಿಲು ಮುಚ್ಚುವ ಅಕ್ಷರ. ಅದರ ಆಚೆಗೆ ಇನ್ನೊಂದು ಅಕ್ಷರ ಕಂಡರೆ ಧ್ವನಿ ಕೇಳುವ ಮೊದಲೇ, ಅರ್ಥ ತಿಳಿಯುವ ಮೊದಲೇ ಅಲ್ಲಿ ದೋಷವಿದೆ ಎಂದು ಹೇಳಬಹುದು. ಅರಬ್ಬಿ ಬಾರದ ಅಕ್ಷರಜೋಡಕನೂ ಇದನ್ನು ಹಿಡಿಯಬಲ್ಲ.

ಕಟ್ಟಿದ ತಾ ತೆರೆದ ತಾ ಆಗುವುದು ಇಲ್ಲಿಯೇ. ಪದದ ಬಾಲಕ್ಕೆ ಏನಾದರೂ ಅಂಟಿಕೊಂಡು ಒಂದೇ ಪದವಾದಾಗ ಅದು ಕೊನೆಯ ಸ್ಥಾನ ಕಳೆದುಕೊಳ್ಳುತ್ತದೆ, ಆಗ ಕಟ್ಟು ಬಿಚ್ಚಿ ತೆರೆದುಕೊಳ್ಳುತ್ತದೆ. ಅಂಟಿಕೊಳ್ಳುವವುಗಳಲ್ಲಿ ಮುಖ್ಯವಾದುವು ನನ್ನ, ನಿನ್ನ, ಅವನ, ಅವಳ, ನಮ್ಮ, ಅವರ ಎಂಬ ಸರ್ವನಾಮದ ತುಣುಕುಗಳು.

```
إقامة  ->  إقامتي   إقامتك   إقامته   إقامتنا
```

ಇಖಾಮತೀ ಎಂದರೆ ನನ್ನ ಇಖಾಮಾ, ಇಖಾಮತುಕ ಎಂದರೆ ನಿನ್ನದು, ಇಖಾಮತುಹು ಎಂದರೆ ಅವನದು, ಇಖಾಮತುನಾ ಎಂದರೆ ನಮ್ಮದು. ನಾಲ್ಕರಲ್ಲೂ ತಾ ಈಗ ನಡುವಿನ ಅಕ್ಷರ, ಎರಡೂ ಕಡೆಗೆ ಕೈ ಚಾಚುತ್ತದೆ. ದ್ವಿವಚನದಲ್ಲೂ ಇದೇ ಕ್ರಮ: ಕಾರು ಎಂಬ سيارة ಎರಡಾದಾಗ سيارتان ಆಗುತ್ತದೆ.

ಹಿಂದಿನ ಲಕ್ಷಣದೊಂದಿಗೆ ಹೋಲಿಸಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಮದೀನತಿ ಜಿದ್ದಾ ಎಂಬಲ್ಲಿಯೂ ತ, ಇಖಾಮತೀ ಎಂಬಲ್ಲಿಯೂ ತ. ಕಿವಿಗೆ ಎರಡೂ ಒಂದೇ. ಆದರೆ ಜಿದ್ದಾ ಎಂಬುದು ಪಕ್ಕದಲ್ಲಿ ನಿಂತ ಬೇರೆ ಪದ, ನಡುವೆ ಖಾಲಿ ಜಾಗವಿದೆ, ಮದೀನಾದ ಬಾಗಿಲು ಮುಚ್ಚಿಯೇ ಇದೆ. ನನ್ನ ಎಂಬ ي ಪದದ ಒಳಗೇ ಬಂದು ಸೇರಿದೆ. ಪ್ರಶ್ನೆ ಕೇಳಬೇಕಾದ್ದು ಕಣ್ಣನ್ನು, ಕಿವಿಯನ್ನಲ್ಲ: ತಾ ಆದಮೇಲೆ ಖಾಲಿ ಜಾಗವೋ, ಅಂಟಿದ ಅಕ್ಷರವೋ? ಖಾಲಿ ಜಾಗವಾದರೆ ಕಟ್ಟು ಉಳಿಯಬೇಕು, ಅಂಟಿದ್ದರೆ ಬಿಚ್ಚಬೇಕು. ಇಷ್ಟು ಹೇಳಿದ ಮೇಲೆ ಯುವಕ ಸಾಲನ್ನು ತಾನೇ ಪೂರ್ತಿ ತಿದ್ದಿದ.

```
انتهت صلاحية إقامتي في مدينة جدة
```

ಇಂತಹತ್ ಸಲಾಹಿಯ್ಯತು ಇಖಾಮತೀ ಫೀ ಮದೀನತಿ ಜಿದ್ದಾ. ಐದು ತುದಿಗಳಲ್ಲಿ ನಾಲ್ಕು ಕಡೆ ಬಾಯಲ್ಲಿ ತ ಬರುತ್ತದೆ. ಆ ನಾಲ್ಕರಲ್ಲಿ ಎರಡು ಕಡೆ ಮಾತ್ರ ಕಾಗದದ ಮೇಲೆ ತೆರೆದ ತಾ ಇದೆ.

ತುದಿಗೆ ಅಂಟುವುದೆಲ್ಲವೂ ತಾ ಅಕ್ಷರವನ್ನು ಬಿಚ್ಚುವುದಿಲ್ಲ ಎಂಬುದನ್ನೂ ಗಮನಿಸಬೇಕು, ಕೆಲವು ಅದನ್ನು ಬಿಸುಟುಬಿಡುತ್ತವೆ. ವ್ಯಾಪಾರ ಎಂಬ تجارة ಪದಕ್ಕೆ 'ಸಂಬಂಧಪಟ್ಟ' ಎಂಬರ್ಥದ ಈಕಾರ ಹತ್ತಿದರೆ تجاري ಆಗುತ್ತದೆ. ಕೊಲ್ಲಿಯಲ್ಲಿ ಅಂಗಡಿ ನಡೆಸುವವರಿಗೆ ಸಿಜಿಲ್ ತಿಜಾರೀ, ಅಂದರೆ ವ್ಯಾಪಾರ ನೋಂದಣಿ, ಎಂಬ ಮಾತಿನಿಂದ ಇದು ಪರಿಚಿತ. 'ನನ್ನ ವ್ಯಾಪಾರ' ಎನ್ನಬೇಕಾದರೆ تجارتي. ಎರಡರಲ್ಲೂ ಕೊನೆಗೆ ಈಕಾರವೇ ಇದೆ, ನಡುವಿನ ಒಂದು ತಾ ಅರ್ಥವನ್ನು ಬೇರೆ ಮಾಡುತ್ತದೆ.

ಲಕ್ಷಣ 4: ಆತ್ ಎಂದು ಮುಗಿಯುವ ಪದಗಳು ಒಂದು ಕಡೆ ات, ಇನ್ನೊಂದು ಕಡೆ اة

ಇದು ಸ್ವಲ್ಪ ಕಠಿಣ, ಏಕವಚನ ಗೊತ್ತಿಲ್ಲದೆ ಬಿಡಿಸಲಾಗದು. ಕಾರು ಎಂಬ سيارة ಬಹುವಚನದಲ್ಲಿ سيارات ಆಗುತ್ತದೆ. ಕಟ್ಟಿದ ತಾ ತೆರೆದುಕೊಂಡಿತು ಎಂದು ಇದನ್ನು ವಿವರಿಸುವವರಿದ್ದಾರೆ, ಆದರೆ ಆ ವಿವರಣೆ ಎಡವಿಸುತ್ತದೆ. ನಡೆದದ್ದು ಬೇರೆ: ಏಕವಚನದ ತಾ ಬಿದ್ದುಹೋಗಿ, ಅದರ ಜಾಗದಲ್ಲಿ ಆತ್ ಎಂಬ ಬಹುವಚನದ ಪ್ರತ್ಯಯವೇ ಬಂದಿದೆ. ಇದು ತಿಳಿಯದವರು ಆ ಸ್ವರದ ಗೆರೆಯಾದ ಅಲಿಫ್ ಅಕ್ಷರವನ್ನು ಮರೆತು سيارت ಎಂದು ಬರೆಯುತ್ತಾರೆ. ನನ್ನ ಕಾರು سيارتي, ನನ್ನ ಕಾರುಗಳು سياراتي, ನಡುವೆ ಇರುವುದು ಒಂದೇ ಅಲಿಫ್ ಗೆರೆ.

ಪ್ರಾರ್ಥನೆ ಎಂಬ صلاة, ಜೀವನ ಎಂಬ حياة ಏಕವಚನಗಳು. ಇವುಗಳಲ್ಲಿ ಅಲಿಫ್ ಇದ್ದರೂ ತಾ ಕಟ್ಟಿದ್ದೇ. ನಿಲ್ಲಿಸಿ ಓದಿದರೆ ಸಲಾಹ್, ಹಯಾಹ್. ಇನ್ನೂ ಮೋಸಗೊಳಿಸುವುದು قضاة. ಇದು ನ್ಯಾಯಾಧೀಶರು ಎಂಬ ಬಹುವಚನ, ಅಲಿಫ್ ಕೂಡ ಇದೆ, ಆದರೂ ಕಟ್ಟಿದ ತಾ. ಏಕೆಂದರೆ ಇದು ಪ್ರತ್ಯಯ ಸೇರಿ ಆದ ಬಹುವಚನವಲ್ಲ, ಪದದ ಅಚ್ಚೇ ಮುರಿದು ಹೊಸದಾಗಿ ಕಟ್ಟಿದ್ದು. ಏಕವಚನದ قاضٍ, ಅಂದರೆ ನಮ್ಮ ಖಾಜಿ, ಅದರಲ್ಲಿ ತಾ ಇಲ್ಲವೇ ಇಲ್ಲ. ಬೋಧಕರು ಎಂಬ دعاة ಕೂಡ ಹೀಗೆಯೇ. ಮನೆಗಳು ಎಂಬ بيوت, ಸಮಯಗಳು ಎಂಬ أوقات ಇದಕ್ಕೆ ಎದುರು: ಅವುಗಳ ತಕಾರ ಏಕವಚನದಲ್ಲೇ ಬೇರುಬಿಟ್ಟದ್ದು, ಆದ್ದರಿಂದ ತೆರೆದದ್ದು. ಏಕವಚನವನ್ನು ಹೇಳಿಕೊಳ್ಳಿ, ಬಹುವಚನವನ್ನು ನಿಲ್ಲಿಸಿ ಓದಿ. ಎರಡೂ ಒಂದೇ ಉತ್ತರ ಕೊಡದಿದ್ದರೆ ನಿಘಂಟು ತೆರೆಯುವುದೇ ಲೇಸು.

ಲಕ್ಷಣ 5: ಕೊನೆಗೆ ಒಂದು ಅಲಿಫ್ ಹೆಚ್ಚಾಗಿದೆ

ಅನ್ ಎಂದು ಮುಗಿಯುವ ಪದಕ್ಕೆ ಅಲಿಫ್ ಸೇರಿಸಬೇಕು ಎಂದು ಕಲಿತವರು مدرسةً ಎಂಬುದನ್ನು مدرسةاً ಎಂದು ಬರೆಯುತ್ತಾರೆ. ಕಟ್ಟಿದ ತಾ ಆದಮೇಲೆ ಯಾವ ಅಕ್ಷರವೂ ಇರಬಾರದೆಂಬ ಹಿಂದಿನ ನಿಯಮವೇ ಇದನ್ನು ಹಿಡಿಯುತ್ತದೆ. ತೆರೆದ ತಾ ಇದ್ದರೆ ಅಲಿಫ್ ಬೇಕು, بيتًا ಎಂಬಂತೆ. ಓದುವಾಗಲೂ ಭೇದವಿದೆ: ಬೈತನ್ ಎಂಬುದರ ಮೇಲೆ ನಿಂತರೆ ಬೈತಾ, ಮದ್ರಸತನ್ ಎಂಬುದರ ಮೇಲೆ ನಿಂತರೆ ಮದ್ರಸಹ್.

ಲಕ್ಷಣ 6: ಪದ ಮೊದಲೇ ಗೊತ್ತು, ಆದರೂ ಕಾಗುಣಿತ ತಪ್ಪುತ್ತದೆ

ಉರ್ದು ಬಲ್ಲವರಿಗೆ ಈ ದೋಷ ಹೆಚ್ಚು, ಕನ್ನಡ ಮಾತ್ರ ಬಲ್ಲವರಿಗೂ ಇದರ ನೆರಳಿದೆ. ಅರಬ್ಬಿಯ ಕಟ್ಟಿದ ತಾ ಇರುವ ಪದಗಳು ಫಾರಸಿಗೆ ಹೋದಾಗ ಎರಡು ದಾರಿ ಹಿಡಿದವು. ಕೆಲವು ತಕಾರವನ್ನು ಉಳಿಸಿಕೊಂಡು ತೆರೆದ ತಾ ಬರೆಯಿಸಿಕೊಂಡವು, ಕೆಲವು ನಿಂತಾಗಿನ ರೂಪವನ್ನೇ ಹಿಡಿದು ಹಾ ಬರೆಯಿಸಿಕೊಂಡವು. ಅಲ್ಲಿಂದ ಅವು ಉರ್ದು, ಮರಾಠಿಗಳ ಬಳಕೆಯಲ್ಲಿ ಹಾದು ಕನ್ನಡಕ್ಕೂ ಬಂದಿವೆ, ಬಂದಾಗ ಆ ಎರಡು ದಾರಿಯ ಗುರುತನ್ನು ಮೈಮೇಲೆ ಹೊತ್ತು ತಂದಿವೆ. ಹಕೀಕತ್ತು, ಕಿಮ್ಮತ್ತು, ದೌಲತ್ತು, ಹಿಮ್ಮತ್ತು ಎಂಬಲ್ಲಿ ತ್ತು ಇದೆ. ಖಜಾನೆ, ಕಾಯಿದೆ, ಇಲಾಖೆ, ಇರಾದೆ, ಫಾಯಿದೆ ಎಂಬಲ್ಲಿ ತ ಇಲ್ಲ, ಎಕಾರವಿದೆ. ಅರಬ್ಬಿಯಲ್ಲಿ ಇವೆಲ್ಲವೂ ಒಂದೇ ಪಂಕ್ತಿಯವು.

```
حقيقة   قيمة   دولة   همة
خزانة   قاعدة   علاقة   إرادة   فائدة
```

ನಮ್ಮ ತಾಲ್ಲೂಕು ಕಚೇರಿಯ ಖಜಾನೆಯ ಎಕಾರವೂ ಸಂತೆಯ ಕಿಮ್ಮತ್ತಿನ ತ್ತುಕಾರವೂ ಒಂದೇ ಅಕ್ಷರದ ಎರಡು ಉಳಿಕೆಗಳು ಎಂಬುದು ನನಗೆ ಈಗಲೂ ಖುಷಿ ಕೊಡುವ ಸಂಗತಿ. ಆದರೆ ಬರೆಯುವವನಿಗೆ ಅದು ಅಪಾಯ. ಕಿಮ್ಮತ್ತು ಎಂಬ ನೆನಪಿನಿಂದ, ಅಥವಾ ಉರ್ದುವಿನ ಅಭ್ಯಾಸದಿಂದ, ಅರಬ್ಬಿಯಲ್ಲೂ قيمت ಎಂದು ಬರೆದುಬಿಡುತ್ತಾನೆ. ತ್ತು ಕಂಡಲ್ಲೆಲ್ಲ ಕಟ್ಟಿದ ತಾ ಹಾಕಿದರೂ ನಡೆಯದು: ಸಾಬೀತು ಎಂಬುದರ ಮೂಲವಾದ ثابت ಪದದಲ್ಲಿ ತಕಾರ ಧಾತುವಿನದೇ, ಅದು ಎಂದಿಗೂ ತೆರೆದ ತಾ. ಹೀಗಾಗಿ ಪರಿಚಿತ ಪದಕ್ಕೆ ನೆನಪನ್ನು ಸಾಕ್ಷಿಯಾಗಿ ತರಬೇಡಿ. ಅದರ ಅರಬ್ಬಿ ಉಚ್ಚಾರಣೆಯನ್ನು ಕೇಳಿ, ಅದನ್ನು ನಿಲ್ಲಿಸಿ ಓದುವ ಪರೀಕ್ಷೆಗೆ ಒಡ್ಡಿ. ಅರಬ್ಬಿ ಉಚ್ಚಾರಣೆ ತಿಳಿಯದಿದ್ದರೆ ಅರಬ್ಬಿ ನಿಘಂಟನ್ನೇ ನೋಡಬೇಕು. ಉರ್ದು ನಿಘಂಟು ಉರ್ದುವಿನ ಕಾಗುಣಿತವನ್ನಷ್ಟೇ ತೋರಿಸುತ್ತದೆ.

ಲಕ್ಷಣ 7: ಕಣ್ಣಿಗೆ ಸರಿಯಾಗಿಯೇ ಇದೆ, ಹುಡುಕಿದರೆ ಸಿಗುವುದಿಲ್ಲ

ಕಾಗುಣಿತ ಸರಿ, ಎರಡು ಚುಕ್ಕೆಯೂ ಇದೆ, ಆದರೆ ಕಡತದಲ್ಲಿ ಆ ಪದವನ್ನು ಹುಡುಕಿದಾಗ ಇಲ್ಲ ಎಂದು ಬರುತ್ತದೆ, ಅಥವಾ ನಮೂನೆಯು ಹೆಸರನ್ನು ಒಪ್ಪುವುದಿಲ್ಲ. ಇಲ್ಲಿ ಸಂಶಯಿಸಬೇಕಾದ್ದು ಕೀಲಿಮಣೆಯನ್ನು. ಉರ್ದು ಕೀಲಿಮಣೆಯ ಕಟ್ಟಿದ ತಾ ಅರಬ್ಬಿಯದ್ದಲ್ಲ. ನೋಟಕ್ಕೆ ಹೋಲುತ್ತದೆ, ಆದರೆ ಯೂನಿಕೋಡಿನಲ್ಲಿ ಅದಕ್ಕೆ ಬೇರೆಯೇ ಸಂಖ್ಯೆ ಇದೆ. ಹಾ ಅಕ್ಷರದ್ದೂ ಇದೇ ಕಥೆ.

```
ة  U+0629   ه  U+0647   ت  U+062A
ۃ  U+06C3   ہ  U+06C1
```

ಮೇಲಿನ ಸಾಲು ಅರಬ್ಬಿಯದು, ಕೆಳಗಿನದು ಉರ್ದುವಿನದು. ಸಂಶಯದ ಪದವನ್ನು ಅಳಿಸಿ, ಅರಬ್ಬಿ ಕೀಲಿಮಣೆಗೆ ಬದಲಾಯಿಸಿಕೊಂಡು ಮತ್ತೆ ಟೈಪ್ ಮಾಡುವುದು ಮೊದಲ ಪರಿಹಾರ. ವಿಂಡೋಸಿನ `Arabic (101)` ವಿನ್ಯಾಸದಲ್ಲಿ ة ಇರುವುದು `M` ಕೀಲಿಯಲ್ಲಿ, ه ಇರುವುದು `I` ಕೀಲಿಯಲ್ಲಿ, ت ಇರುವುದು `J` ಕೀಲಿಯಲ್ಲಿ. ಹಾಗೆ ಮಾಡಿದರೂ ಸಂಶಯ ಉಳಿದರೆ, ಪೈಥಾನ್ ಬಲ್ಲವರು ಅಕ್ಷರಗಳ ಸಂಖ್ಯೆಯನ್ನೇ ಮುದ್ರಿಸಿ ನೋಡಬಹುದು.

```
for c in "مدرسة":
    print(hex(ord(c)))
```

ಕೊನೆಯ ಸಾಲಿನಲ್ಲಿ `0x629` ಬಂದರೆ ಅಕ್ಷರ ಸರಿ. `0x6c3` ಬಂದರೆ ಉರ್ದುವಿನದು ನುಸುಳಿದೆ, `0x647` ಬಂದರೆ ಚುಕ್ಕೆಯಿಲ್ಲದ ಹಾ ಬಂದಿದೆ.

ಕೈ ಇಡಬಾರದ ಕಡೆಗಳು

ಮೇಲಿನ ಪರೀಕ್ಷೆಗಳು ಇಂದಿನ ಸಾಮಾನ್ಯ ಬರಹಕ್ಕೆ. ಅವುಗಳನ್ನು ಹಿಡಿದು ಕುರ್‌ಆನಿನ ಪಠ್ಯವನ್ನು ತಿದ್ದಲು ಹೋಗಬಾರದು. ಅಲ್ಲಿನ ಲಿಪಿಗೆ ಅದರದೇ ಪರಂಪರೆ ಇದೆ, ಇಂದು ಕಟ್ಟಿದ ತಾ ಬರೆಯುವ ಕೆಲವು ಪದಗಳು ಅಲ್ಲಿ ನಿರ್ದಿಷ್ಟ ಸ್ಥಳಗಳಲ್ಲಿ ತೆರೆದ ತಾ ಹೊಂದಿವೆ. ಹೆಂಡತಿ ಎಂಬರ್ಥದ ಪದ ಗಂಡನ ಹೆಸರಿನೊಡನೆ ಬರುವ 7 ಕಡೆಗಳಲ್ಲಿ امرأت ಎಂದಿದೆ. ಇಮ್ರಾನನ ಹೆಂಡತಿ, ಫಿರ್‌ಔನನ ಹೆಂಡತಿ, ನೂಹ್ ಮತ್ತು ಲೂತ್ ಅವರ ಹೆಂಡತಿಯರು ಅಲ್ಲಿ ಬರುತ್ತಾರೆ. ಅದೇ ಪದ 4ನೇ ಅಧ್ಯಾಯದ 128ನೇ ವಚನದಲ್ಲಿ, ಯಾರ ಹೆಸರಿನ ಜೊತೆಗೂ ಸೇರದೆ ಬಂದಾಗ, ಕಟ್ಟಿದ ತಾ ಹೊಂದಿದೆ. ಕರುಣೆ ಎಂಬ ಪದವೂ 7 ಕಡೆ رحمت ಎಂದು ಬರುತ್ತದೆ. ಉಸಿರು ಸಾಲದೆ ಇಂಥ ಪದದ ಮೇಲೆ ನಿಲ್ಲಬೇಕಾಗಿ ಬಂದರೆ ಕುರ್‌ಆನ್ ಓದುವ ಪರಂಪರೆಗಳಲ್ಲಿ ನಮ್ಮಲ್ಲಿ ರೂಢಿಯಲ್ಲಿರುವ ಹಫ್ಸ್ ಪಾಠದವರು ತ ಎಂದೇ ನಿಲ್ಲುತ್ತಾರೆ, ಅಬೂ ಅಮ್ರ್, ಕಿಸಾಈ ಮೊದಲಾದ ಕೆಲವು ಪಾಠಗಳಲ್ಲಿ ಹ ಎಂದು ನಿಲ್ಲುತ್ತಾರೆ. ಉಲ್ಲೇಖ ಟೈಪ್ ಮಾಡುವಾಗ ಇಂಥದ್ದು ಕಂಡರೆ ತಿದ್ದುವುದನ್ನು ನಿಲ್ಲಿಸಿ, ಮುದ್ರಿತ ಮುಸ್‌ಹಫ್, ಅಂದರೆ ಕುರ್‌ಆನಿನ ಪ್ರತಿ, ತೆರೆದು ಹೋಲಿಸಿ, ತಜ್‌ವೀದ್, ಅಂದರೆ ಅದನ್ನು ಓದುವ ನಿಯಮಗಳನ್ನು, ಬಲ್ಲವರನ್ನು ಕೇಳಿ.

ಕಡತದಲ್ಲಿ ಕೊನೆಯ ه ಎಲ್ಲವನ್ನೂ ಒಮ್ಮೆಗೇ ة ಮಾಡುವ ಆಜ್ಞೆಯನ್ನು ಎಂದೂ ಕೊಡಬೇಡಿ. ಅವನ ಪುಸ್ತಕ ಬರವಣಿಗೆಯಾಗುತ್ತದೆ, ಅವನ ಕಚೇರಿ ಪುಸ್ತಕದ ಅಂಗಡಿಯಾಗುತ್ತದೆ, ಅಲ್ಲಾಹ್ ಎಂಬ الله ಪದದ ಮೇಲೂ ಎರಡು ಚುಕ್ಕೆ ಕೂರುತ್ತದೆ. ಬದಲಾವಣೆಗಳನ್ನು ಒಂದೊಂದಾಗಿ ತೋರಿಸಿ ಒಪ್ಪಿಗೆ ಕೇಳುವ ಕ್ರಮವನ್ನೇ ಆರಿಸಿಕೊಳ್ಳಿ, ಮೂಲ ಕಡತದ ಒಂದು ಪ್ರತಿಯನ್ನು ಬೇರೆ ಇಟ್ಟುಕೊಳ್ಳಿ.

ವ್ಯಕ್ತಿಗಳ ಹೆಸರುಗಳಿಗೂ ನಿಯಮ ಹಚ್ಚುವಂತಿಲ್ಲ. ಹಂಝಾ (حمزة), ತಲ್ಹಾ (طلحة), ಉಸಾಮಾ (أسامة) ಎಂಬ ಗಂಡಸರ ಹೆಸರುಗಳಲ್ಲಿ ಕಟ್ಟಿದ ತಾ ಇದೆ, ಹೆಣ್ಣುಲಿಂಗದ ಗುರುತೆಂದು ಅದನ್ನು ತೆಗೆದುಹಾಕಲಾಗದು. ಮಿದ್‌ಹತ್ (مدحت), ತಲ್‌ಅತ್ (طلعت) ಎಂಬ ಈಜಿಪ್ಟಿನ ಹೆಸರುಗಳಲ್ಲಿ ತೆರೆದ ತಾ ಇದೆ, ಅದು ಉಸ್ಮಾನೀ ತುರ್ಕಿಯ ಬಳಕೆಯಿಂದ ಬಂದದ್ದು. ಪಾಸ್‌ಪೋರ್ಟಿನಲ್ಲಿ, ಇಖಾಮಾದಲ್ಲಿ ಒಂದು ಹೆಸರು ಹೇಗೆ ಅಚ್ಚಾಗಿದೆಯೋ ಅರ್ಜಿಯಲ್ಲೂ ಹಾಗೆಯೇ ಇರಬೇಕು, ಅದು ತಪ್ಪೆಂದು ನಿಮಗೆ ಖಚಿತವಾಗಿದ್ದರೂ ಕೂಡ. ದಾಖಲೆಯಲ್ಲೇ ತಪ್ಪಿದ್ದರೆ ಅದನ್ನು ಕೊಟ್ಟ ಕಚೇರಿಯಲ್ಲಿ ಮೊದಲು ಸರಿಪಡಿಸಿಕೊಳ್ಳಬೇಕು. ಯುವಕನ ಇಖಾಮಾದಲ್ಲಿ ಅವನ ಮನೆತನದ ಹೆಸರು ಚುಕ್ಕೆಯಿಲ್ಲದ ه ಅಕ್ಷರದಿಂದ ಮುಗಿದಿತ್ತು, ಇರಬೇಕಾದ್ದು ة. ಅರ್ಜಿಯ ಮೇಲ್ಭಾಗದಲ್ಲಿ ಆ ಹೆಸರನ್ನು ಚುಕ್ಕೆಯಿಲ್ಲದೆಯೇ ಬರೆದು ಮುಗಿಸಿದೆವು.